ದಿನಕ್ಕೆ ಹತ್ತು ನಿಮಿಷದ ಸಲುಗೆ

ಪರೀಕ್ಷೆ ಹತ್ತಿರ ಬಂದಾಗ ನಿಂತುಹೋಗುವ ಚಾಟ್‌ಗಳಲ್ಲಿ ಬಹುಪಾಲು ಜಗಳದಿಂದ ನಿಲ್ಲುವುದಿಲ್ಲ. ಮೊದಲು ಉತ್ತರ ಎರಡು ಗಂಟೆ ತಡವಾಗುತ್ತದೆ, ಆಮೇಲೆ ಒಂದು ದಿನ. ತಡವಾದದ್ದಕ್ಕೆ ‘ಸಾರಿ, ಓದ್ತಾ ಇದ್ದೆ’ ಎಂಬ ವಿವರಣೆ ಬರುತ್ತದೆ. ಐದಾರು ಸಲ ಹೀಗಾದ ಮೇಲೆ ಸಾರಿ ಕೇಳುವವಳಿಗೂ ಬೇಸರ, ಕೇಳಿಸಿಕೊಳ್ಳುವವನಿಗೂ ಮುಜುಗರ. ಕೊನೆಗೊಂದು ದಿನ ಅವನು ‘ಪರವಾಗಿಲ್ಲ, ಚೆನ್ನಾಗಿ ಓದು, ಪರೀಕ್ಷೆ ಆದ್ಮೇಲೆ ಮಾತಾಡೋಣ’ ಎಂದು ಬರೆಯುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಬರೆದ ಮಾತು. ಆದರೆ ಅದಕ್ಕೆ ಹೆಬ್ಬೆರಳು ಎತ್ತುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ಎರಡು ತಿಂಗಳು ಕಳೆದು ಪರೀಕ್ಷೆ ಮುಗಿದಾಗ, ಮೊದಲ ಮೆಸೇಜ್ ಯಾರು ಹಾಕಬೇಕು, ಏನಂತ ಹಾಕಬೇಕು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ.

ಗಂಡ ಹೆಂಡತಿಗೆ ಈ ತೊಂದರೆ ಇಲ್ಲ. ನಿಶ್ಚಿತಾರ್ಥ ಆದವರಿಗೂ ಇಲ್ಲ. ಎರಡು ವಾರ ಮಾತಾಡದಿದ್ದರೂ ಸಂಬಂಧ ಅಲ್ಲೇ ಇರುತ್ತದೆ. ಆದರೆ ಇನ್ನೂ ಹೆಸರಿಡದ, ಪರಸ್ಪರ ಕಾಲೆಳೆಯುವ, ರೇಗಿಸುವ, ‘ಇವತ್ತಿನ ಡಿಪಿ ಯಾರಿಗೋಸ್ಕರ?’ ಎಂದು ಕೇಳುವ ಹಂತದಲ್ಲಿ ಇರುವವರಿಗೆ ಚಾಟ್ ಬಿಟ್ಟರೆ ಬೇರೆ ಸಂಬಂಧವೇ ಇಲ್ಲ. ‘ಯಾಕೆ ಉತ್ತರ ಕೊಡಲಿಲ್ಲ?’ ಎಂದು ಕೇಳುವ ಹಕ್ಕು ತನಗಿದೆಯೋ ಇಲ್ಲವೋ ಎಂಬುದೂ ಇಬ್ಬರಿಗೂ ತಿಳಿಯದು. ಈ ಹಂತವನ್ನು ಪರೀಕ್ಷೆಯ ಆಚೆ ದಡಕ್ಕೆ ದಾಟಿಸಲು ಮೊದಲೇ ಮಾತಾಡಿಕೊಂಡ ಪುಟ್ಟ ಪುಟ್ಟ ಹೊತ್ತುಗಳು ಸಾಕು ಎಂಬುದು ನನ್ನ ನಂಬಿಕೆ. ಹೇಗೆ ಎಂಬುದಕ್ಕೆ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ.

ಅವಳಿಗೆ 24. ದಾವಣಗೆರೆಯ ಹುಡುಗಿ. ಆರ್ಟಿಕಲ್‌ಶಿಪ್ ಮುಗಿಸಿ ಮನೆಯಲ್ಲೇ ಕೂತು ಸಿಎ ಫೈನಲ್‌ಗೆ ಓದುತ್ತಿದ್ದಾಳೆ. ಮೇ ಅಟೆಂಪ್ಟ್, ಎರಡೂ ಗ್ರೂಪ್, ಒಟ್ಟು ಆರು ಪೇಪರ್. ಅವನು ಶಿವಮೊಗ್ಗದವನು, ಅವಳಿಗಿಂತ ಎರಡು ವರ್ಷ ದೊಡ್ಡವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಚಿತ್ರದುರ್ಗದ ಒಂದು ಮದುವೆಯಲ್ಲಿ ಪರಿಚಯ. ಫೋಟೋ ಕಳಿಸುವ ನೆಪದಲ್ಲಿ ನಂಬರ್ ಸಿಕ್ಕಿತು, ಫೋಟೋ ಮುಗಿದ ಮೇಲೂ ಮಾತು ನಿಲ್ಲಲಿಲ್ಲ. ಈಗ ಮಾರ್ಚ್. ಅವಳಿಗೆ ರಿವಿಷನ್, ಅವನಿಗೆ ಏಪ್ರಿಲ್ ಕೊನೆಗೆ ರಿಲೀಸ್. ಇಬ್ಬರಿಗೂ ಪುರುಸೊತ್ತಿಲ್ಲ.

ಒಪ್ಪಂದಕ್ಕೆ ಮೊದಲು, ಒಪ್ಪಂದವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಯಾವಾಗ ಬರುತ್ತದೋ ಗೊತ್ತಿಲ್ಲದ ಮೆಸೇಜ್‌ಗೆ ಮನುಷ್ಯ ಮತ್ತೆ ಮತ್ತೆ ಫೋನ್ ತೆಗೆದು ನೋಡುತ್ತಾನೆ. ಯಾವ ಸಲ ಒತ್ತಿದರೆ ಕಾಳು ಬೀಳುತ್ತದೆ ಎಂದು ಹೇಳಲಾಗದಂತೆ ಜೋಡಿಸಿದಾಗ ಪಾರಿವಾಳಗಳು ಎಡೆಬಿಡದೆ ಕುಕ್ಕುತ್ತಲೇ ಇರುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯದಲ್ಲೇ ದಾಖಲಿಸಿದ್ದರು. ಆಡಿಟಿಂಗ್ ಪುಸ್ತಕದ ನಡುವೆ ಹತ್ತು ನಿಮಿಷಕ್ಕೊಮ್ಮೆ ಫೋನ್ ಬೆಳಗಿಸಿ ನೋಡುವ ಹುಡುಗಿಗೆ ಆಗುತ್ತಿರುವುದೂ ಅದೇ. ಅವಳ ಸಮಯ ತಿನ್ನುವುದು ಮಾತಿಗಿಂತ ಹೆಚ್ಚಾಗಿ ಮಾತಿನ ನಿರೀಕ್ಷೆ.

ಇದಕ್ಕೆ ಮದ್ದು ಏನು ಎಂಬುದಕ್ಕೂ ಒಂದು ಒಳ್ಳೆಯ ಸುಳಿವಿದೆ. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಮುಗಿಯದ ಕೆಲಸವೊಂದು ತಲೆಯಲ್ಲಿದ್ದಾಗ ಜನರಿಗೆ ಮುಂದಿರುವ ಪುಟವನ್ನು ಓದುವುದು ಕಷ್ಟವಾಗುತ್ತದೆ, ಆ ಕೆಲಸದ ಯೋಚನೆ ನಡುನಡುವೆ ನುಗ್ಗುತ್ತದೆ. ಆದರೆ ಆ ಕೆಲಸವನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತು ಮಾಡಿಕೊಂಡವರಿಗೆ ಈ ಕಾಟ ತಗ್ಗಿತು. ಕೆಲಸ ಇನ್ನೂ ಮುಗಿದಿರಲಿಲ್ಲ, ಆದರೂ ತಗ್ಗಿತು. ನಮ್ಮ ಜೋಡಿಗೆ ಇದನ್ನು ಹೊಂದಿಸಿದರೆ ವಿಷಯ ಸರಳ. ‘ಅವನಿಗೆ ಉತ್ತರ ಕೊಡಬೇಕು’ ಎಂಬ ಯೋಚನೆ ಮಧ್ಯಾಹ್ನವಿಡೀ ಕಾಡುತ್ತದೆ. ‘ರಾತ್ರಿ ಎಂಟೂವರೆಗೆ ಉತ್ತರ ಕೊಡ್ತೀನಿ, ಅವನಿಗೂ ಅದು ಗೊತ್ತು’ ಎಂಬ ಯೋಚನೆ ಅಷ್ಟು ಕಾಡುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ಫೋನ್ ಕರೆ. ಈ ಮಾತನ್ನು ಟೈಪ್ ಮಾಡಬೇಡಿ. ಟೈಪ್ ಮಾಡಿದ ‘ನಾವು ಸ್ವಲ್ಪ ಕಡಿಮೆ ಮಾತಾಡೋಣ’ ಎಂಬ ಸಾಲು ಓದುವವರ ಕಣ್ಣಿಗೆ ವಿದಾಯದಂತೆ ಕಾಣುತ್ತದೆ. ದನಿಯಲ್ಲಿ ಅದೇ ಮಾತು ಬೇರೆ. ‘ಮೇವರೆಗೂ ನಂಗೆ ಉಸಿರಾಡೋಕೆ ಟೈಮಿಲ್ಲ, ಆದ್ರೆ ನಿನ್ ಜೊತೆ ಮಾತು ಬಿಡೋಕೂ ಇಷ್ಟ ಇಲ್ಲ. ದಿನಾ ಒಂದ್ ಹತ್ತು ನಿಮಿಷ ಇಟ್ಕೊಳ್ಳೋಣ್ವಾ?’ ಎಂದು ಅವಳು ಕೇಳಿದರೆ, ಅದರಲ್ಲಿ ಕಡಿತದ ಸುದ್ದಿಗಿಂತ ಆಸೆಯ ಸುದ್ದಿ ಜೋರಾಗಿ ಕೇಳುತ್ತದೆ. ಕೇಳುವ ಮಾತು ಹೀಗೆ ಇಷ್ಟದಿಂದ ಶುರುವಾಗಬೇಕು. ಅವನು ‘ಆಗಲಿ’ ಎನ್ನಬಹುದು, ‘ದಿನ ಬಿಟ್ಟು ದಿನ ಸಾಕು’ ಎನ್ನಬಹುದು, ‘ಪರೀಕ್ಷೆ ಮುಗಿಯೋವರೆಗೆ ಬೇಡ’ ಎಂದೂ ಹೇಳಬಹುದು. ಮೂರಕ್ಕೂ ಜಾಗವಿದ್ದರೆ ಮಾತ್ರ ಅದು ಒಪ್ಪಂದ.

ಹೊತ್ತು ಯಾವುದು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಎಲ್ಲರ ಮನಸ್ಸೂ ಮೊದಲು ಓಡುವುದು ರಾತ್ರಿ ಹನ್ನೊಂದಕ್ಕೆ: ಓದು ಮುಗಿದಿರುತ್ತದೆ, ಮನೆಯವರು ಮಲಗಿರುತ್ತಾರೆ, ಮಾತೂ ಮೆತ್ತಗಾಗಿರುತ್ತದೆ. ಆ ಹೊತ್ತನ್ನು ಆರಿಸಬಾರದು ಅನ್ನುವುದೇ ನನ್ನ ಸಲಹೆ. ಹನ್ನೊಂದರ ಮಾತಿಗೆ ಗೋಡೆ ಇಲ್ಲ. ಅದು ಹನ್ನೆರಡಾಗುತ್ತದೆ, ಒಂದೂಕಾಲಾಗುತ್ತದೆ, ಮರುದಿನ ಬೆಳಿಗ್ಗೆ ಐದರ ಅಲಾರಂ ಎಂಟಕ್ಕೆ ಹೋಗುತ್ತದೆ. ವಾರದಲ್ಲಿ ಎರಡು ಸಲ ಹೀಗಾದರೆ ಓದು ಕೆಟ್ಟ ತಪ್ಪನ್ನೆಲ್ಲ ಅವಳ ಮನಸ್ಸು ಚಾಟಿನ ಮೇಲೆ ಹಾಕುತ್ತದೆ, ಆಮೇಲೆ ಅವನ ಮೇಲೆ. ಅದರ ಬದಲು ರಾತ್ರಿ ಊಟಕ್ಕೆ ಹತ್ತು ನಿಮಿಷ ಮುಂಚೆ ಇಟ್ಟುಕೊಳ್ಳಿ. ಎಂಟೂವರೆಗೆ ಮಾತು ಶುರು, ಎಂಟೂ ನಲವತ್ತಕ್ಕೆ ಅಮ್ಮ ‘ತಟ್ಟೆ ಹಾಕಿದೀನಿ, ಬಾರೇ’ ಎಂದು ಕೂಗುತ್ತಾರೆ. ಮಾತನ್ನು ಮುಗಿಸುವ ಕಷ್ಟ ಇಬ್ಬರಿಗೂ ಇಲ್ಲ. ಊಟದ ನಂತರ ಮತ್ತೆ ಪುಸ್ತಕಕ್ಕೆ ಕೂರುವ ಮೊದಲು ತಲೆ ತಿಳಿಯಾಗಲು ಅರ್ಧ ಗಂಟೆ ತಾನಾಗಿಯೇ ಸಿಗುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಹಳೆಯದರ ಎಳೆ ಮನಸ್ಸಿನಲ್ಲಿ ಉಳಿದು ಹೊಸದಕ್ಕೆ ತೊಡಕಾಗುತ್ತದೆ ಎಂದು 2009ರಲ್ಲಿ ಸೋಫಿ ಲೆರಾಯ್ ತೋರಿಸಿದ್ದರು. ಊಟದ ಹೊತ್ತು ಆ ಎಳೆ ಕರಗಲು ಬಿಡುವು ಕೊಡುತ್ತದೆ.

ಸಮಯದ ಜೊತೆಗೆ ಆ ಕರೆಯಲ್ಲೇ ಇನ್ನೆರಡು ವಿಷಯ ತೀರ್ಮಾನವಾಗಬೇಕು. ತಪ್ಪಿಹೋದರೆ ಏನು ಎಂಬುದು ಒಂದು. ಅವನ ರಿಲೀಸ್ ರಾತ್ರಿ ಎಂಟೂವರೆಗೆ ಅವನು ಮೀಟಿಂಗ್‌ನಲ್ಲಿ ಸಿಕ್ಕಿಬಿದ್ದಿರುತ್ತಾನೆ; ಅವಳ ಮಾಕ್ ಟೆಸ್ಟ್ ಕೆಟ್ಟ ದಿನ ಯಾರ ಜೊತೆಗೂ ಮಾತು ಬೇಡವಾಗಿರುತ್ತದೆ. ಅಂಥ ದಿನಕ್ಕೆ ಒಂದೇ ಒಂದು ಗುರುತು ಸಾಕು. ಇವರಿಬ್ಬರು ಕೊಡೆಯ ಇಮೋಜಿ ಎಂದು ಇಟ್ಟುಕೊಂಡರು ಅನ್ನಿ. ಕೊಡೆ ಬಂದರೆ ಅರ್ಥ: ‘ಇವತ್ತು ಆಗಲ್ಲ, ನಾಳೆ ಸಿಗ್ತೀನಿ, ಕಾರಣ ಕೇಳಬೇಡ.’ ಅದಕ್ಕೆ ಮರುತ್ತರವೂ ಬೇಡ, ಮರುದಿನ ಸಾರಿಯೂ ಬೇಡ. ಎರಡನೆಯದು, ಈ ವ್ಯವಸ್ಥೆ ಯಾವತ್ತಿಗೆ ಮುಗಿಯುತ್ತದೆ ಎಂಬುದು. ‘ನನ್ನ ಕೊನೆಯ ಪೇಪರ್‌ವರೆಗೆ’ ಎಂದು ತಾರೀಖು ಇಟ್ಟುಕೊಂಡರೆ ಕಡಿಮೆ ಮಾತು ಒಂದು ಕಾಲದ ಮಾತಾಗಿ ಉಳಿಯುತ್ತದೆ. ತಾರೀಖಿಲ್ಲದಿದ್ದರೆ ‘ಇಷ್ಟೇ ನಮ್ಮಿಬ್ಬರ ಮಟ್ಟ’ ಎಂಬ ಅನುಮಾನ ಬೆಳೆಯುತ್ತದೆ.

ಫೋನಿನ ಸೆಟ್ಟಿಂಗ್ ಕೂಡ ಒಪ್ಪಂದದ ಭಾಗವೇ. ಅವಳು ಆ ಚಾಟನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕುತ್ತಾಳೆ. ಎಂಟೂವರೆಗೆ ತಾನಾಗಿ ತೆರೆದಾಗಲೇ ಅದು ಕಣ್ಣಿಗೆ ಬೀಳುವುದು. ಹಾಕಿದ್ದೇನೆ ಎಂದು ಅವನಿಗೆ ಹೇಳುವುದು ಮುಖ್ಯ. ನೀಲಿ ಟಿಕ್, ‘ಲಾಸ್ಟ್ ಸೀನ್’ ಮತ್ತು ‘ಆನ್‌ಲೈನ್’ ಮೂರನ್ನೂ ಇಬ್ಬರೂ ಆರಿಸಿಬಿಡುವುದು ಒಳ್ಳೆಯದು. ಓದುವ ಹುಡುಗಿ ಮಧ್ಯಾಹ್ನ ಮೂರಕ್ಕೆ ಗೆಳತಿಗೆ ಒಂದು ನೋಟ್ಸ್ ಕಳಿಸಲು ವಾಟ್ಸಾಪ್ ತೆರೆದಿರುತ್ತಾಳೆ, ಅದನ್ನು ನೋಡಿ ‘ಆನ್‌ಲೈನ್ ಇದ್ಯಲ್ಲ, ನಂಗೆ ಮಾತ್ರ ಟೈಮ್ ಇಲ್ವಾ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಹುಟ್ಟಲು ಅವಕಾಶವನ್ನೇ ಕೊಡಬಾರದು. ಲ್ಯಾಪ್‌ಟಾಪಿನಲ್ಲಿ ಕ್ಲಾಸ್ ನೋಡುವವರು ವಾಟ್ಸಾಪ್ ವೆಬ್‌ನಿಂದ ಲಾಗೌಟ್ ಆಗಿರಲಿ. ಅಪ್ಪ ಪಕ್ಕದಲ್ಲಿ ನಿಂತು ‘ಎಷ್ಟು ಚಾಪ್ಟರ್ ಆಯ್ತಮ್ಮಾ?’ ಎಂದು ಕೇಳುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಅವನ ತುಂಟ ಸಾಲು ಮೇಲೇಳುವುದು ಯಾರಿಗೂ ಬೇಡದ ಪ್ರಸಂಗ.

ಇನ್ನು ಆ ಹತ್ತು ನಿಮಿಷದಲ್ಲಿ ಏನು ಮಾತಾಡಬೇಕು? ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ. ಹೊತ್ತು ಗೊತ್ತು ಮಾಡಿಕೊಂಡ ಎಷ್ಟೋ ಜೋಡಿಗಳ ಮಾತು ಎರಡನೇ ವಾರಕ್ಕೆ ಹಾಜರಿ ಪುಸ್ತಕವಾಗಿಬಿಡುತ್ತದೆ. ‘ಊಟ ಆಯ್ತಾ?’ ‘ಇಲ್ಲ, ಈಗ.’ ‘ಓದಿದ್ಯಾ?’ ‘ಹ್ಞೂಂ.’ ‘ಎಷ್ಟು ಬಾಕಿ?’ ‘ತುಂಬಾ.’ ‘ಓಕೆ, ಗುಡ್ ನೈಟ್.’ ಇದರಲ್ಲಿ ಕಾಳಜಿ ಇದೆ, ಆದರೆ ಅವಳ ಮನೆಯಲ್ಲಿ ಈ ಕಾಳಜಿಯನ್ನು ತೋರಿಸಲು ಅಪ್ಪ, ಅಮ್ಮ, ಚಿಕ್ಕಪ್ಪ, ಪಕ್ಕದ ಮನೆ ಆಂಟಿ ಎಲ್ಲರೂ ಇದ್ದಾರೆ. ದಿನವಿಡೀ ಅವಳು ಪರೀಕ್ಷಾರ್ಥಿ. ಆ ಹತ್ತು ನಿಮಿಷ ಅವಳು ಬೇರೆ ಯಾರೋ ಆಗಬೇಕು: ತಮಾಷೆಯ, ಚೂಟಿಯ, ಒಬ್ಬನ ಕಣ್ಣಿಗೆ ಚಂದ ಕಾಣುವ ಹುಡುಗಿ. ಓದು ಎಷ್ಟಾಯಿತು ಎಂದು ಅವನು ಕೇಳುವುದಿಲ್ಲ. ಅವಳೇ ಹೇಳಿದರೆ ಕೇಳಿಸಿಕೊಳ್ಳುತ್ತಾನೆ.

ಒಂದು ಸಂಜೆಯ ಮಾತು ಹೀಗಿರಬಹುದು.

‘ಇಲ್ಲಿ ನಮ್ಮ ಆಫೀಸ್ ಹತ್ರ ಒಬ್ರು ದಾವಣಗೆರೆ ಬೆಣ್ಣೆದೋಸೆ ಅಂತ ಬೋರ್ಡ್ ಹಾಕಿದಾರೆ. ತಿಂದೆ. ನಿಮ್ಮೂರಿಗೆ ಅವಮಾನ ಆಯ್ತು.’

‘ನನ್ನ ಬಿಟ್ಟು ಬೆಣ್ಣೆದೋಸೆ ತಿಂದ್ಯಾ? ಇದು ಮೆಟೀರಿಯಲ್ ಮಿಸ್‌ಸ್ಟೇಟ್‌ಮೆಂಟ್.’

‘ಹಂಗಂದ್ರೆ?’

‘ಆಡಿಟರ್ ಸುಮ್ನೆ ಬಿಡದಷ್ಟು ದೊಡ್ಡ ತಪ್ಪು. ದಂಡ ಇದೆ.’

‘ಕೊಡೋಣ. ಆಡಿಟರ್ ಇಷ್ಟು ಚೆನ್ನಾಗಿದ್ರೆ ದಿನಾ ಒಂದ್ ತಪ್ಪು ಮಾಡ್ತೀನಿ. ಏನ್ ದಂಡ?’

‘ಅಮ್ಮ ಕರೀತಿದಾರೆ. ನಾಳೆ ಎಂಟೂವರೆಗೆ ಹೇಳ್ತೀನಿ.’

ಇದಿಷ್ಟಕ್ಕೆ ನಾಲ್ಕು ನಿಮಿಷ ಸಾಕು. ಅವನು ತನ್ನ ದಿನದ ಒಂದು ನಿಜವಾದ ತುಣುಕು ತಂದಿದ್ದಾನೆ, ಅದೂ ಅವಳಿಗೆ ತಾಗುವಂಥದ್ದು. ಅವಳು ದಿನವಿಡೀ ಓದಿದ್ದನ್ನೇ ಆಟದ ಸಾಮಾನು ಮಾಡಿಕೊಂಡಿದ್ದಾಳೆ. ಓದಿನಿಂದ ಹೊರಬರಲು ಅವಳಿಗೆ ಬೇರೆ ಶ್ರಮ ಬೇಕಾಗಿಲ್ಲ. ನಡುವೆ ಒಂದು ಸಾಲು ನೇರವಾಗಿ ಮೆಚ್ಚುಗೆ ಹೇಳುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಇದು ಬರೀ ಗೆಳೆಯರ ಹರಟೆ. ಕೊನೆಗೆ ದಂಡ ಏನೆಂದು ಹೇಳದೆ ಅವಳು ಎದ್ದು ಹೋಗುತ್ತಾಳೆ. ನಾಳೆ ಏನು ಮಾತಾಡಬೇಕು ಎಂದು ಇಬ್ಬರೂ ತಡಕಾಡಬೇಕಿಲ್ಲ. ಎಳೆ ಬಿಟ್ಟು ಹೋದರೆ ಅದೇ ತಲೆ ಕೊರೆಯುವುದಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೇ ‘ನಾಳೆ ಎಂಟೂವರೆಗೆ’ ಎಂಬ ಮಾತು ಬೇಕು. ಹೊತ್ತು ಗೊತ್ತಿರುವ ಕುತೂಹಲ ಸಿಹಿಯಾಗಿ ಉಳಿಯುತ್ತದೆ, ಹೊತ್ತಿಲ್ಲದ ಕುತೂಹಲ ಕಳವಳವಾಗುತ್ತದೆ. ‘ನಿಂಗೊಂದು ವಿಷಯ ಹೇಳ್ಬೇಕು, ಆಮೇಲೆ ಹೇಳ್ತೀನಿ’ ಎಂದು ಬರೆದು ಮಾಯವಾಗುವುದನ್ನು ಈ ತಿಂಗಳುಗಳಲ್ಲಿ ಯಾರೂ ಮಾಡಬಾರದು.

ಟೈಪ್ ಮಾಡುವಷ್ಟೂ ಶಕ್ತಿ ಇಲ್ಲದ ದಿನಕ್ಕೆ ವಾಯ್ಸ್ ನೋಟ್ ಇದೆ. ಅರ್ಧ ನಿಮಿಷ ಮೀರದಿರಲಿ. ಆಫೀಸ್ ಕ್ಯಾಬಿನಿಂದ ಇಳಿದು ಮನೆಗೆ ನಡೆಯುತ್ತ ಅವನು ಆಡಿದ ಎರಡು ಮಾತನ್ನು ಅವಳು ಊಟವಾದ ಮೇಲೆ ಟೆರೇಸಿನ ಮೇಲೆ ಕೇಳಿಕೊಳ್ಳುತ್ತಾಳೆ. ಬರಹದಲ್ಲಿ ಹತ್ತು ಸಾಲಿಗೂ ಸಿಗದ ನಗು ಅದರಲ್ಲಿ ಸಿಗುತ್ತದೆ.

ಪರೀಕ್ಷೆಯ ದಿನಗಳಿಗೆ ಲೆಕ್ಕವೇ ಬೇರೆ. ಸಿಎ ಫೈನಲ್ ಪೇಪರ್ ಸಾಮಾನ್ಯವಾಗಿ ಮಧ್ಯಾಹ್ನ ಎರಡರಿಂದ ಐದು, ಕೊನೆಯದು ಮಾತ್ರ ನಾಲ್ಕು ಗಂಟೆ. ಎರಡು ಪೇಪರ್‌ಗಳ ನಡುವೆ ಹೆಚ್ಚಾಗಿ ಒಂದೇ ದಿನದ ಬಿಡುವು. ಓದುವವರು ಇದನ್ನು ಒಂದೂವರೆ ದಿನದ ರಿವಿಷನ್ ಎನ್ನುತ್ತಾರೆ: ಪೇಪರ್ ಮುಗಿದ ಸಂಜೆ, ಮಾರನೆಯ ಇಡೀ ದಿನ, ಮತ್ತೆ ಪರೀಕ್ಷೆಯ ಬೆಳಿಗ್ಗೆ. ಮೂರು ಗಂಟೆ ಬರೆದು ಕೈ ನೋಯುತ್ತಿರುವಾಗಲೇ ಮುಂದಿನ ಪುಸ್ತಕ ತೆರೆಯಬೇಕು. ಇಲ್ಲಿ ದಿನಕ್ಕೆ ಹತ್ತು ನಿಮಿಷವೂ ಹೆಚ್ಚು. ಒಂದು ರೂಪಾಯಿ ಖರ್ಚಿಲ್ಲದ ಒಂದೇ ಸಾಲಿಗೆ ಇಳಿಯಿರಿ. ಪರೀಕ್ಷೆಯ ಬೆಳಿಗ್ಗೆ ಅವನಿಂದ ಮೆಸೇಜ್ ಇಲ್ಲ, ಯಾಕೆಂದರೆ ‘ಆಲ್ ದಿ ಬೆಸ್ಟ್’ ಹೇಳಲು ಐವತ್ತು ಜನ ಕಾದಿರುತ್ತಾರೆ. ಅವನದು ಹಿಂದಿನ ರಾತ್ರಿಯೇ ಬಂದು ಬಿದ್ದಿರುತ್ತದೆ: ‘ನಾಳೆ ಐದರ ನಂತರ ಬೆಂಗಳೂರಿನ ಒಬ್ಬ ಹುಡುಗ ನಿನ್ನ ನೆನೆದು ಸುಮ್ಸುಮ್ನೆ ನಗ್ತಾ ಇರ್ತಾನೆ. ಕೆಲಸ ಏನೂ ಇಲ್ಲ, ತಿಳಿಸೋಣ ಅಂತ.’ ಉತ್ತರ ಬೇಡದ ಸಾಲು ಅದು. ಪೇಪರ್ ಆದ ಮೇಲೆ ಅವಳ ಕಡೆಯಿಂದ ಒಂದು ಇಮೋಜಿ ಮಾತ್ರ: ಕಾಫಿ ಕಪ್ ಬಂದರೆ ಪರವಾಗಿಲ್ಲ, ಕೊಡೆ ಬಂದರೆ ಚೆನ್ನಾಗಿ ಆಗಲಿಲ್ಲ. ಯಾವುದು ಬಂದರೂ ‘ಹೇಗಿತ್ತು? ಯಾವ ಪ್ರಶ್ನೆ ಹೋಯ್ತು?’ ಎಂದು ಅವನು ಕೇಳುವಂತಿಲ್ಲ. ಮುಗಿದ ಪೇಪರನ್ನು ಬಗೆದರೆ ಮುಂದಿನದು ಹಾಳಾಗುತ್ತದೆ ಎಂಬುದು ಈ ಪರೀಕ್ಷೆ ಬರೆದವರಿಗೆಲ್ಲ ಗೊತ್ತು.

ಇಷ್ಟೆಲ್ಲ ಇಟ್ಟುಕೊಂಡರೂ ಕೆಡುವುದು ಹೇಗೆ? ಸಾಮಾನ್ಯವಾಗಿ ಹತ್ತು ನಿಮಿಷ ಉದ್ದವಾಗುವುದರಿಂದ. ಮೂರು ದಿನ ಸತತವಾಗಿ ಊಟಕ್ಕೆ ಎರಡನೇ ಸಲ ಕರೆಯುವವರೆಗೂ ಫೋನ್ ಕೈಲಿದ್ದರೆ ಅದೇ ಲಕ್ಷಣ. ಆಗ ಸಿಟ್ಟಾಗದೆ ದಿನ ಬಿಟ್ಟು ದಿನಕ್ಕೆ ಇಳಿಸಿ, ಇಳಿಸುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಿ. ಇನ್ನೊಂದು ಅಪಾಯ, ಈ ಹೊತ್ತಿನಲ್ಲೇ ದೊಡ್ಡ ಪ್ರಶ್ನೆ ಎತ್ತುವುದು. ‘ನಮ್ಮಿಬ್ಬರದು ಏನು ಇದು? ಮನೇಲಿ ಹೇಳ್ತೀಯಾ?’ ಎಂಬ ಮಾತಿಗೆ ಹತ್ತು ನಿಮಿಷ ಸಾಲದು, ರಿವಿಷನ್ ನಡುವೆ ಅದಕ್ಕೆ ಸರಿಯಾದ ಉತ್ತರವೂ ಬರದು. ಸಲುಗೆ ಮಾರ್ಚಿನಲ್ಲಿ ಎಲ್ಲಿತ್ತೋ ಮೇ ತಿಂಗಳವರೆಗೆ ಅಲ್ಲೇ ಇರಲಿ. ದಣಿದ ರಾತ್ರಿಯ ಮೆತ್ತನೆಯ ಮನಸ್ಸನ್ನು ನೋಡಿ ಫೋಟೋ ಕೇಳುವುದು, ವಿಡಿಯೋ ಕಾಲ್‌ಗೆ ಒತ್ತಾಯಿಸುವುದು ಮಾಡಿದರೆ ಅದು ಫ್ಲರ್ಟಿಂಗ್ ಅಲ್ಲ, ಒತ್ತಡ. ಅಂಥ ಕಡೆ ಒಪ್ಪಂದವನ್ನು ಅವಳು ಅಲ್ಲಿಗೇ ಮುರಿಯಬಹುದು.

ನಿಜಕ್ಕೂ ಪುರುಸೊತ್ತಿಲ್ಲವೋ, ಮನಸ್ಸೇ ಹಿಂದೆ ಸರಿಯುತ್ತಿದೆಯೋ ಎಂಬ ಸಂಶಯಕ್ಕೂ ಈ ವ್ಯವಸ್ಥೆ ಒಂದು ಉತ್ತರ ಕೊಡುತ್ತದೆ. ಪುರುಸೊತ್ತಿಲ್ಲದವರು ಕೊಡೆ ಹಾಕುತ್ತಾರೆ, ಮರುದಿನ ನಿಂತ ಕಡೆಯಿಂದ ಮಾತು ಎತ್ತಿಕೊಳ್ಳುತ್ತಾರೆ. ಆ ದಂಡ ಏನೆಂದು ಅವನಿಗೆ ನೆನಪಿದೆ, ಕೇಳುತ್ತಾನೆ. ಮನಸ್ಸು ಸರಿದವರು ಕೊಡೆಯನ್ನೂ ಹಾಕುವುದಿಲ್ಲ, ಎಳೆಯನ್ನೂ ಎತ್ತಿಕೊಳ್ಳುವುದಿಲ್ಲ. ಬಂದದ್ದಕ್ಕೆ ನಗುವ ಮುಖ ಹಾಕಿ ಮುಗಿಸುತ್ತಾರೆ. ಒಂದು ವಾರ ಹೀಗಾದರೆ ಒಂದು ಸಲ ನೇರವಾಗಿ ಕೇಳಿ, ಬಂದ ಉತ್ತರವನ್ನು ನಂಬಿ. ಮುಗಿದಿದ್ದರೆ ಮುಗಿದಿದೆ. ಪರೀಕ್ಷೆಯವರೆಗೂ ಎಳೆದಾಡುವುದಕ್ಕಿಂತ ಏಪ್ರಿಲ್‌ನಲ್ಲೇ ತಿಳಿಯುವುದು ಓದುವವಳಿಗೆ ಕಡಿಮೆ ನಷ್ಟ.

ಕೊನೆಯ ಪೇಪರ್ ಬರೆದ ಸಂಜೆ ಮೂರು ಗಂಟೆಯ ಫೋನ್ ಕರೆ ನಿರೀಕ್ಷಿಸಬೇಡಿ. ತಿಂಗಳುಗಟ್ಟಲೆ ಬಿಗಿಹಿಡಿದ ಮೈ ಸಡಿಲವಾದಾಗ ಜ್ವರವೂ ಬರಬಹುದು, ಬರೀ ನಿದ್ದೆಯೂ ಬರಬಹುದು. ಹಳೆಯ ಎಂಟೂವರೆಯ ಹತ್ತು ನಿಮಿಷವನ್ನು ಇನ್ನೂ ಒಂದು ವಾರ ಹಾಗೇ ಇಟ್ಟುಕೊಂಡು ನಿಧಾನವಾಗಿ ಉದ್ದ ಮಾಡುವುದು ಮೇಲು. ಇಷ್ಟು ದಿನ ಚಿಕ್ಕ ಮಾತಿಗೆ ಒಗ್ಗಿದವರಿಗೆ ಒಮ್ಮೆಲೇ ಸಿಕ್ಕ ಪೂರ್ತಿ ಸಂಜೆ ಖಾಲಿ ಎನಿಸಿ, ಪರೀಕ್ಷೆಯೇ ಚೆನ್ನಾಗಿತ್ತೇನೋ ಎಂಬ ಭಾವನೆ ಬರುವುದುಂಟು.

ಆಮೇಲೆ ಫಲಿತಾಂಶ. ಅದಕ್ಕೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಗ್ರೂಪಿನ ಒಟ್ಟಾರೆಯಲ್ಲಿ ಶೇಕಡಾ 50 ಬರಬೇಕು; ಒಂದು ಪೇಪರ್ ಕೈಕೊಟ್ಟರೆ ಆ ಗ್ರೂಪನ್ನು ಮತ್ತೆ ಬರೆಯಬೇಕಾಗಬಹುದು. ಚೆನ್ನಾಗಿ ಓದುವವರೂ ಇಲ್ಲಿ ಒಂದೆರಡು ಅಟೆಂಪ್ಟ್ ಕಳೆಯುತ್ತಾರೆ. ಹಾಗಾಗಿ ಆ ದಿನಕ್ಕೂ ಮೊದಲೇ ಮಾತಾಡಿಕೊಳ್ಳಿ. ಫಲಿತಾಂಶವನ್ನು ಅವನು ಕೇಳುವುದಿಲ್ಲ, ಅವಳೇ ಹೇಳುತ್ತಾಳೆ, ಅದೇ ದಿನ ಹೇಳಬೇಕೆಂದೂ ಇಲ್ಲ. ಅವಳು ವಿಧಿಸಿದ ದಂಡ ದಾವಣಗೆರೆಗೆ ಬಂದು ನಿಜವಾದ ಬೆಣ್ಣೆದೋಸೆ ಕೊಡಿಸುವುದಾಗಿದ್ದರೆ, ಅದರ ತಾರೀಖನ್ನು ಫಲಿತಾಂಶಕ್ಕಿಂತ ಮುಂಚಿನ ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ. ‘ಪಾಸಾದ್ರೆ ಬರ್ತೀನಿ’ ಎಂದರೆ ಅವಳ ಅಂಕಪಟ್ಟಿಯ ಜೊತೆ ಅವನೂ ಫಲಿತಾಂಶದ ಭಾಗವಾಗುತ್ತಾನೆ. ಜೂನ್ ಎರಡನೇ ವಾರ ಟಿಕೆಟ್ ಮಾಡಿಸಿ, ಬೆಂಗಳೂರಿನಿಂದ ಬೆಳಿಗ್ಗೆ ಹೊರಡುವ ರೈಲಿಗೆ, ಒಬ್ಬರಿಗೆ.